ಸಹಾಯ ಬೇಕು: ಅಂಟು ಹಾಕಿದ ಡೋವೆಲ್‌ಗಳಿರುವ ವಾರ್ಡ್‌ರೋಬನ್ನು ಹಲಗೆ ಸೀಳದಂತೆ ಬಿಚ್ಚುವುದು ಹೇಗೆ?

ಸದಸ್ಯರಿಗೆ ನಮಸ್ಕಾರ. ಮನೆ ಬದಲಾಯಿಸುತ್ತಿರುವುದರಿಂದ 18 ಮಿ.ಮೀ. ಪಾರ್ಟಿಕಲ್ ಬೋರ್ಡಿನ ವಾರ್ಡ್‌ರೋಬೊಂದನ್ನು ಬಿಚ್ಚಬೇಕಾಗಿದೆ. ಕ್ಯಾಮ್ ಲಾಕ್‌ಗಳನ್ನು ಅಪ್ರದಕ್ಷಿಣವಾಗಿ ಸುಮಾರು ಅರ್ಧ ಸುತ್ತು ತಿರುಗಿಸಿ, ಅವುಗಳ ಬಾಣದ ಗುರುತು ಹಲಗೆಯ ಅಂಚಿನತ್ತ ಬಂದಿರುವುದನ್ನು ನೋಡಿಕೊಂಡಿದ್ದೇನೆ. ಅಂದರೆ ಬೋಲ್ಟುಗಳ ಹಿಡಿತ ಬಿಟ್ಟಿದೆ. ಆದರೆ ಜೋಡಿಸಿದವರು 8 ಮಿ.ಮೀ. ಮರದ ಡೋವೆಲ್‌ಗಳಿಗೆ ಬಿಳಿ ಅಂಟನ್ನೂ ಹಾಕಿರುವುದರಿಂದ (ಬಿಚ್ಚಿ ಜೋಡಿಸುವ ಪೀಠೋಪಕರಣಕ್ಕೆ ಅದು ಬೇಕಿರಲಿಲ್ಲ), ಮರದ ತುಂಡನ್ನು ಅಡ್ಡವಿಟ್ಟು ಕೂಡುಭಾಗದ ಹತ್ತಿರವೇ ರಬ್ಬರ್ ಸುತ್ತಿಗೆಯಿಂದ ಒಳಗಿನಿಂದ ಬಡಿದರೂ ಪಕ್ಕದ ಹಲಗೆ ಒಂದೆರಡು ಮಿ.ಮೀ. ಸರಿದು ನಿಂತುಬಿಡುತ್ತದೆ. ಇನ್ನೂ ಜೋರಾಗಿ ಹೊಡೆದರೆ ಡೋವೆಲ್ ತನ್ನ ಸುತ್ತಲಿನ ಬೋರ್ಡನ್ನೇ ಕಿತ್ತುಕೊಂಡು ಬರುತ್ತದೆ. ಮೇಲಿನ ಲ್ಯಾಮಿನೇಟ್ ಉಬ್ಬತೊಡಗುವುದು ಅದರ ಮುನ್ಸೂಚನೆ. ತೇವ ತಗಲಿದ ಪಾರ್ಟಿಕಲ್ ಬೋರ್ಡ್ ಊದಿಕೊಂಡರೆ ಮತ್ತೆ ಮೊದಲಿನಂತಾಗುವುದಿಲ್ಲವಾದ್ದರಿಂದ ಹಬೆಯ ಉಪಾಯವನ್ನು ಕೈಬಿಟ್ಟಿದ್ದೇನೆ.

ಬಿಳಿ ಅಂಟು ಬಿಸಿಗೆ ಮೆತ್ತಗಾಗುತ್ತದೆ, ನಿಜ; ಆದರೆ ಹೀಟ್ ಗನ್ನಿನ ಶಾಖ, ಲ್ಯಾಮಿನೇಟ್ ಏಳುವ ಮೊದಲೇ ಒಳಗಿನ ಡೋವೆಲ್ ತನಕ ತಲುಪೀತೇ? ಅದಕ್ಕಿಂತ, ಈಗ ತೆರೆದಿರುವ ಸಂದಿಯಲ್ಲಿ ತೆಳುವಾದ ಹ್ಯಾಕ್ಸಾ ಬ್ಲೇಡನ್ನು ತೂರಿಸಿ, ಉಕ್ಕಿನ ಬೋಲ್ಟುಗಳಿಗೆ ತಾಗಿಸದೆ ಡೋವೆಲ್‌ಗಳನ್ನಷ್ಟೇ ಕತ್ತರಿಸಿ, ಉಳಿದ ತುಂಡುಗಳನ್ನು ಅನಂತರ ಕೊರೆದು ತೆಗೆದು ಹೊಸ ಡೋವೆಲ್ ಹಾಕುವುದೇ ಕ್ಷೇಮವೆಂದು ನನಗನಿಸುತ್ತದೆ. ಹಾಗೆ ಕೊರೆಯುವಾಗ ಗಟ್ಟಿ ಮರದಿಂದ ಬಿಟ್ ಮೆದುವಾದ ಬೋರ್ಡಿನತ್ತ ಜಾರದಂತೆ ತಡೆಯುವ ವಿಧಾನವನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.