ಲೋಗೋ ನಿಂತಲ್ಲೇ ತಿರುಗುತ್ತಿಲ್ಲ, ಏಕೆ?

ಪ್ರಶ್ನೆ (ತೀರ್ಥಹಳ್ಳಿಯ ಸದಸ್ಯೆ): ಸರ್, ನನ್ನ ಅಡುಗೆ ಚಾನೆಲ್‌ನ ಲೋಗೋವನ್ನು ಎಸ್‌ವಿಜಿ ಕಡತವಾಗಿ ಬ್ಲೆಂಡರ್‌ಗೆ ತಂದು, ಎದ್ದು ನಿಲ್ಲಿಸಿ, Z ಅಕ್ಷದಲ್ಲಿ ತಿರುಗಿಸಿದ್ದೇನೆ. ಅದು ನಿಂತಲ್ಲೇ ತಿರುಗದೆ ದೊಡ್ಡ ಸುತ್ತು ಹೊಡೆದು ಬರುತ್ತದೆ. ಕೊನೆಯಲ್ಲಿ ಥಟ್ಟನೆ ನಿಂತುಬಿಡುತ್ತದೆ. ಏನು ತಪ್ಪಾಗಿದೆ?

ಸಾಗರದ ಸದಸ್ಯ: ಕೀಫ್ರೇಮ್‌ಗಳನ್ನು Linear ಮಾಡಿ, ಎಲ್ಲವೂ ಸರಿಹೋಗುತ್ತದೆ.

ಉತ್ತರ (ಶಿವಮೊಗ್ಗದ ಆನಿಮೇಷನ್ ವೃತ್ತಿಪರ): ಎಡೆಬಿಡದೆ ತಿರುಗುತ್ತಲೇ ಇರಬೇಕಾದ ಲೋಗೋಗೆ Linear ಸರಿ. ಆದರೆ ಚಾನೆಲ್ ಆರಂಭದ ಲೋಗೋ ನೋಡುಗರ ಕಡೆ ಮುಖ ಮಾಡಿ ನಿಲ್ಲಬೇಕಾದದ್ದರಿಂದ ಇಲ್ಲಿ ಅದು ಹೊಂದುವುದಿಲ್ಲ. ಅದನ್ನು ಹಾಕಿದರೂ ಲೋಗೋ ಕೊನೆಯಲ್ಲಿ ಥಟ್ಟನೆಯೇ ನಿಲ್ಲುತ್ತದೆ.

ಮೊದಲು ದೊಡ್ಡ ಸುತ್ತಿನ ವಿಷಯ. ಬೀಸುಕಲ್ಲಿನ ನಡುಗೂಟ ಅಂಚಿಗೆ ಸರಿದರೆ ಕಲ್ಲು ಹೇಗೆ ಹೊಯ್ದಾಡುತ್ತದೆಯೋ, ನಿಮ್ಮ ಲೋಗೋಗೂ ಹಾಗೆಯೇ ಆಗಿದೆ. ಎಸ್‌ವಿಜಿಯಿಂದ ಬಂದ ಆಕೃತಿಗಳ ತಿರುಗುಬಿಂದು, ಅಂದರೆ ಆ ಸಣ್ಣ ಕಿತ್ತಳೆ ಚುಕ್ಕೆ, ಸಾಮಾನ್ಯವಾಗಿ ಲೋಗೋದ ನಡುವೆ ಇರುವುದಿಲ್ಲ. ಎಲ್ಲ ತುಂಡುಗಳನ್ನೂ ಆಯ್ದು Ctrl+J ಒತ್ತಿ ಒಂದುಗೂಡಿಸಿ, Object > Set Origin > Origin to Geometry ಕೊಡಿ. ಕೆಳಗೆ ಎಡಗಡೆ ತೆರೆಯುವ ಚಿಕ್ಕ ಫಲಕದಲ್ಲಿ Bounds Center ಆರಿಸುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಅದು ವಕ್ರರೇಖೆಯ ಬಿಂದುಗಳ ಸರಾಸರಿಯನ್ನು ಹಿಡಿಯುತ್ತದೆ. ನಮ್ಮ ಅಕ್ಷರಗಳ ಸುರುಳಿಗಳಲ್ಲಿ ಬಿಂದುಗಳು ಹೆಚ್ಚಿರುವುದರಿಂದ ಚುಕ್ಕೆ ಅಕ್ಷರಗಳ ಕಡೆಗೇ ವಾಲುತ್ತದೆ. ಸರಿಯಾಯಿತೇ ಎಂದು ತಿಳಿಯಲು ನಂಪ್ಯಾಡ್ 7 ಒತ್ತಿ ಮೇಲಿನಿಂದ ನೋಡುತ್ತಾ ಓಡಿಸಿ: ಲೋಗೋ ಒಂದು ತೆಳು ಪಟ್ಟಿಯಂತೆ ಕಾಣಬೇಕು, ಅದರ ನಡುಭಾಗ ಕದಲಬಾರದು.

ಇನ್ನು ನಿಲುಗಡೆ. ಸೆಕೆಂಡಿಗೆ 24 ಫ್ರೇಮ್ ಇಟ್ಟುಕೊಂಡು, 1ನೇ ಫ್ರೇಮ್‌ನಲ್ಲಿ Z ತಿರುಗುವಿಕೆಯನ್ನು -360, 60ನೇ ಫ್ರೇಮ್‌ನಲ್ಲಿ 0 ಎಂದು ಕೀಫ್ರೇಮ್ ಮಾಡಿ. ಅಲ್ಲಿಂದ 96ರವರೆಗೆ ಲೋಗೋ ಅಲುಗದೆ ನಿಲ್ಲಲಿ. ಹೆಸರು ಓದಲು ಅಷ್ಟು ಹೊತ್ತು ಬೇಕೇಬೇಕು. ಬಳಿಕ ಡೋಪ್‌ಶೀಟ್‌ನಲ್ಲಿ ಎರಡೂ ಕೀಫ್ರೇಮ್‌ಗಳನ್ನು ಆಯ್ದು, T ಒತ್ತಿ Cubic ಆರಿಸಿ, Ctrl+E ಒತ್ತಿ Ease Out ಕೊಡಿ. ನೀವು Cubic ಮಾತ್ರ ಕೊಟ್ಟು ಅಲ್ಲಿಗೇ ಬಿಟ್ಟಿರಬಹುದು ಎಂದು ನನ್ನ ಊಹೆ. ಆಗ ಬ್ಲೆಂಡರ್ ತಾನಾಗಿ Ease In ಹಿಡಿಯುತ್ತದೆ, ಲೋಗೋ ವೇಗ ಹೆಚ್ಚಿಸಿಕೊಳ್ಳುತ್ತಾ ಬಂದು ಗೋಡೆಗೆ ಬಡಿದಂತೆ ನಿಲ್ಲುತ್ತದೆ.

ಕೊಪ್ಪದ ಸದಸ್ಯ: ನನ್ನದೂ ಇದೇ ತೊಂದರೆ ಸರ್. ಬ್ಲೆಂಡರ್‌ನ ಟೆಕ್ಸ್ಟ್‌ನಲ್ಲಿ ‘ತೀರ್ಥಹಳ್ಳಿ’ ಎಂದು ಹಾಕಿದರೆ ಅರ್ಕಾವತ್ತೂ ಒತ್ತಕ್ಷರವೂ ಬಿಡಿಬಿಡಿಯಾಗಿ ಕಾಣುತ್ತವೆ.

ಉತ್ತರ: ನಿಮ್ಮದು ಬೇರೆಯೇ ತೊಂದರೆ. ಹೆಸರನ್ನು ಇಂಕ್‌ಸ್ಕೇಪ್‌ನಲ್ಲಿ ಬರೆದು, Path > Object to Path ಕೊಟ್ಟು, ಎಸ್‌ವಿಜಿಯಾಗಿ ಉಳಿಸಿ ತನ್ನಿ. ಅಕ್ಷರಗಳು ಆಕೃತಿಗಳಾಗಿಯೇ ಬರುವುದರಿಂದ ಒಡೆಯುವುದಿಲ್ಲ. ಆದರೆ ಆಮೇಲೆ ಕಾಗುಣಿತ ತಿದ್ದಲಾಗದು, ಆದ್ದರಿಂದ ಮೊದಲೇ ಎರಡು ಸಲ ಓದಿಕೊಳ್ಳಿ.

ತೀರ್ಥಹಳ್ಳಿಯ ಸದಸ್ಯೆ: ಮೇಲಿನಿಂದ ನೋಡಿದೆ ಸರ್, ನಡುಭಾಗ ಈಗ ಕದಲುತ್ತಿಲ್ಲ. ಆದರೆ ಅರ್ಧ ಸುತ್ತಿನಲ್ಲಿ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಕಾಣುತ್ತವೆ.

ಉತ್ತರ: -360ರ ಬದಲು -90ರಿಂದ ಆರಂಭಿಸಿದರೆ ಬೆನ್ನು ಕಾಣುವುದೇ ಇಲ್ಲ. ನನಗೆ ಅದೇ ಇಷ್ಟ.

ಸಾಗರದ ಸದಸ್ಯ: ಕಾಲು ಸುತ್ತಿಗೆ ತಿರುಗುವುದು ಎನ್ನಲಾಗುತ್ತದೆಯೇ? ಹಿಂಬದಿಗೂ ಒಂದು ಪ್ರತಿ ಅಂಟಿಸುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.