ಟೂರ್ ಪ್ಯಾಕೇಜ್‌ನ ಟಿಸಿಎಸ್ ವಾಪಸ್ ಪಡೆಯುವುದು ಹೇಗೆ

"ಮಾವ, ಕಳೆದ ನವೆಂಬರ್‌ನಲ್ಲಿ ಅಪ್ಪ-ಅಮ್ಮನಿಗೆ ವಿಯೆಟ್ನಾಂ ಪ್ಯಾಕೇಜ್ ಮಾಡಿಸಿದ್ದೆ. 4 ಲಕ್ಷದ ಮೇಲೆ ಟಿಸಿಎಸ್ ಅಂತ ಏಜೆಂಟ್ 20,000 ತಗೊಂಡರು. ದುಡ್ಡು ಹೋಗಿದ್ದು ನನ್ನ ಅಕೌಂಟಿಂದ. ಅಪ್ಪನಿಗೆ ಪೆನ್ಷನ್ ಮಾತ್ರ, ಟ್ಯಾಕ್ಸ್ ಬೀಳುವುದಿಲ್ಲ. ಅದು ವಾಪಸ್ ಸಿಗುತ್ತಾ?"

ಸಿಗುತ್ತದಮ್ಮ, ಪೂರ್ತಿ ಸಿಗುತ್ತದೆ. ಅದು ಏಜೆಂಟ್‌ನ ಚಾರ್ಜ್ ಅಲ್ಲ, ಅವರ ಕೈಯಿಂದ ಸರ್ಕಾರಕ್ಕೆ ಹೋದ ಆದಾಯ ತೆರಿಗೆ. 2025-26ರಲ್ಲಿ ವಿದೇಶ ಪ್ಯಾಕೇಜ್‌ಗೆ 10 ಲಕ್ಷದವರೆಗೆ ಶೇ. 5 ಇತ್ತು. ಹಾಗಾಗಿ 20,000 ಸರಿಯಾಗೇ ಇದೆ.

ಆದರೆ ಯಾರಿಗೆ ಸಿಗುತ್ತದೆ ಅನ್ನುವುದು ಏಜೆಂಟ್ ಯಾರ ಪ್ಯಾನ್ ನಂಬರ್ ಹಾಕಿದ್ದಾರೆ ಅನ್ನುವುದರ ಮೇಲೆ ನಿಂತಿದೆ. ಎಲ್ಲರೂ ಎಡವುವುದು ಇಲ್ಲೇ. ಟ್ರಿಪ್ ಹೋದದ್ದು ಅಪ್ಪ, ದುಡ್ಡು ಕೊಟ್ಟದ್ದು ನೀನು. ಬಿಲ್ ಯಾರ ಹೆಸರಿಗಿದೆ ಅಂತ ಯಾರೂ ನೋಡಿರುವುದಿಲ್ಲ. ನಮ್ಮ ಪ್ಯಾನ್‌ಗೆ ಜಮಾ ಆದ ತೆರಿಗೆಯ ಪಟ್ಟಿಗೆ 26ಎಎಸ್ ಅಂತಾರೆ, ಇಬ್ಬರದ್ದೂ ತೆಗೆದು ನೋಡು. ಇನ್‌ಕಮ್ ಟ್ಯಾಕ್ಸ್ ಪೋರ್ಟಲ್‌ನಲ್ಲಿ ಲಾಗಿನ್ ಆದರೆ ಅಲ್ಲೇ ಸಿಗುತ್ತದೆ. ಅದರಲ್ಲಿ ಟಿಸಿಎಸ್ ಭಾಗ ಬೇರೆಯೇ ಇರುತ್ತದೆ. ಏಜೆಂಟ್ ಹೆಸರು, 4,00,000, 20,000 ಮೂರೂ ಕಾಣಬೇಕು. ಅವರು ಅಕ್ಟೋಬರ್-ಡಿಸೆಂಬರ್ ಲೆಕ್ಕವನ್ನು ಜನವರಿ 15ರೊಳಗೆ ಕೊಡಬೇಕಿತ್ತು, ಆದ್ದರಿಂದ ಈ ಹೊತ್ತಿಗೆ ಬಂದಿರಲೇಬೇಕು. ಟಿಸಿಎಸ್ ತಗೊಂಡದ್ದಕ್ಕೆ ಕೊಡುವ 27ಡಿ ಅನ್ನುವ ಸರ್ಟಿಫಿಕೇಟನ್ನೂ ಕೇಳಿ ತಗೋ. ಅದನ್ನು ಕೊಡುವುದು ಅವರ ಕರ್ತವ್ಯ.

ಅಪ್ಪನ ಪ್ಯಾನ್‌ನಲ್ಲಿದ್ದರೆ ಅವರ ರಿಟರ್ನ್ ಹಾಕಬೇಕು. ಟ್ಯಾಕ್ಸ್ ಇಲ್ಲ, ರಿಟರ್ನ್ ಯಾಕೆ ಅಂತ ಸುಮ್ನೆ ಕೂತರೆ ಆ ದುಡ್ಡು ಬರುವುದಿಲ್ಲ. ಟಿಸಿಎಸ್ ಶೆಡ್ಯೂಲ್‌ನಲ್ಲಿ ಆ ಸಾಲು ತಾನಾಗೇ ತುಂಬಿರುತ್ತದೆ. ಈ ವರ್ಷ ಕ್ಲೇಮ್ ಮಾಡುವ ಮೊತ್ತದ ಜಾಗದಲ್ಲೂ 20,000 ಇದೆಯಾ ನೋಡು, ಕೆಲವೊಮ್ಮೆ ಅದು ಖಾಲಿ ಇರುತ್ತದೆ. ಟ್ಯಾಕ್ಸ್ ಸೊನ್ನೆ ಆದರೆ ಅಷ್ಟೂ ರಿಫಂಡ್. ಅವರ ಬ್ಯಾಂಕ್ ಅಕೌಂಟ್ ಪೋರ್ಟಲ್‌ನಲ್ಲಿ ವ್ಯಾಲಿಡೇಟ್ ಆಗಿರಬೇಕು. ಜುಲೈ 31ರೊಳಗೆ ಹಾಕಿಬಿಡು.

ನಿನ್ನ ಪ್ಯಾನ್‌ನಲ್ಲಿದ್ದರೆ ನಿನ್ನ ರಿಟರ್ನ್‌ನಲ್ಲೇ ತೋರಿಸು. ಸಂಬಳದ ಟ್ಯಾಕ್ಸ್‌ನಲ್ಲಿ ಅಷ್ಟು ಕಳೆಯುತ್ತಾರೆ, ಜಾಸ್ತಿ ಉಳಿದರೆ ವಾಪಸ್ ಬರುತ್ತದೆ. ದುಡ್ಡು ನಿನ್ನದೇ ಅಲ್ವಾ, ಇದರಲ್ಲಿ ನಷ್ಟ ಏನಿಲ್ಲ.

ಇಬ್ಬರದ್ದರಲ್ಲೂ ಇಲ್ಲದಿದ್ದರೆ ಏಜೆಂಟ್ ಲೆಕ್ಕ ಕೊಟ್ಟಿಲ್ಲ, ಇಲ್ಲವೇ ಪ್ಯಾನ್ ತಪ್ಪಾಗಿದೆ. ಬಿಲ್, ಹಣ ಕಟ್ಟಿದ ರಸೀದಿ, ಪ್ಯಾನ್ ಕಾಪಿ ಸೇರಿಸಿ ಏಜೆಂಟ್‌ಗೆ ಮೇಲ್ ಮಾಡು. ಅವರು ಇಲಾಖೆಗೆ ಕೊಡುವ ಟಿಸಿಎಸ್ ಲೆಕ್ಕವನ್ನು, ಅಂದರೆ 27ಇಕ್ಯೂ ಫಾರ್ಮನ್ನು, ತಿದ್ದಿ ಮತ್ತೆ ಸಲ್ಲಿಸಬೇಕು. ಫೋನ್‌ನಲ್ಲಿ "ಆಗುತ್ತೆ ಮೇಡಂ" ಅಂದರೆ ಬಿಡಬೇಡ, ಬರವಣಿಗೆಯಲ್ಲೇ ಇರಲಿ. 26ಎಎಸ್‌ನಲ್ಲಿ ಕಾಣದೆ ಬರೀ ಬಿಲ್ ನಂಬಿ ಕ್ಲೇಮ್ ಮಾಡಿದರೆ ಇಲಾಖೆಯವರು ತಾಳೆ ಆಗಲಿಲ್ಲ ಅಂತ ಆ ಮೊತ್ತವನ್ನು ತೆಗೆದುಹಾಕುತ್ತಾರೆ. ಆಮೇಲೆ ಸರಿಮಾಡಿಸಲು ಇನ್ನೂ ಓಡಾಟ.

ಬಿಲ್‌ನ ಫೋಟೋ ನನಗೊಬ್ಬನಿಗೇ ಕಳಿಸು, ಗ್ರೂಪ್‌ನಲ್ಲಿ ಹಾಕಬೇಡ, ಅದರಲ್ಲಿ ಪ್ಯಾನ್ ಇರುತ್ತದೆ.