ಅಪ್‌ಡೇಟ್: ಖಾಲಿ ಹಾಲ್‌ನಲ್ಲಿ ಸೋಫಾ ಕೊನೆಗೂ ಸರಿಯಾಗಿ ಕೂತಿತು

ನಾನು ಕೇಳಿದ್ದು: "ಬಾಡಿಗೆಗೆ ಕೊಡುವ ಖಾಲಿ ಫ್ಲ್ಯಾಟ್‌ನ ಫೋಟೋಗೆ ಸೋಫಾ, ರಗ್ಗು, ಲ್ಯಾಂಪ್ ಸೇರಿಸಿದೆ. ಸೋಫಾ ಆಟಿಕೆ ಥರ ಕಾಣುತ್ತಿದೆ. ಅಳತೆ ಹಿಡಿಯುವುದು ಹೇಗೆ?"

ಕಣ್ಣಂದಾಜು ಬಿಟ್ಟು, ಕ್ಯಾಮೆರಾದ ಎತ್ತರವನ್ನೇ ಅಳತೆಗೋಲು ಮಾಡಿಕೊಂಡೆ. ಫೋಟೋ ತೆಗೆದಾಗ ಕ್ಯಾಮೆರಾ ನೆಲದಿಂದ 4 ಅಡಿ ಮೇಲಿತ್ತು, ಎತ್ತಲೂ ವಾಲಿರಲಿಲ್ಲ. ಒಳಗೆ ಹೋಗುವ ಟೈಲ್ಸ್ ಗೆರೆಗಳನ್ನು ಎಳೆದರೆ ಎಲ್ಲ ಒಂದು ಚುಕ್ಕೆಯಲ್ಲಿ ಸೇರುತ್ತವೆ. ಆ ಚುಕ್ಕೆಯ ಮೂಲಕವೇ ಹಾಯುವ ಹಾಗೆ ಅಡ್ಡಗೆರೆ ಹಾಕಿದೆ. ಕೋಣೆಯ ಯಾವ ಜಾಗದಲ್ಲೇ ಆಗಲಿ, ನೆಲದಿಂದ ಆ ಗೆರೆಗೆ 4 ಅಡಿಯೇ!

ಸೋಫಾದ ಹಿಂಗಾಲು ಊರುವ ಕಡೆ ಅದು 800 ಪಿಕ್ಸೆಲ್ ಬಂತು, ಅಂದರೆ ಅಡಿಗೆ 200. ಎರಡೂಮುಕ್ಕಾಲು ಅಡಿ ಎತ್ತರದ ಸೋಫಾ 550 ಇರಬೇಕಿತ್ತು. ನಾನು ಸುಮ್ನೆ 400ಕ್ಕೆ ಇಟ್ಟಿದ್ದೆ. ಆಟಿಕೆ ಥರ ಕಾಣದೆ ಇನ್ನೇನು? ಟೈಲ್ಸ್ ಎಣಿಸಿಯೂ ನೋಡಿದೆ. ಆರೂವರೆ ಅಡಿ ಉದ್ದದ ಸೋಫಾ, 2 ಅಡಿಯ ಟೈಲ್ಸ್ ಮೂರಕ್ಕಿಂತ ಸ್ವಲ್ಪ ಜಾಸ್ತಿ ಹಿಡಿಯಬೇಕು. ಹಿಡಿಯಿತು.

5 ಅಡಿ ಲ್ಯಾಂಪ್‌ನ ತಲೆ ಈಗ ಗೆರೆ ದಾಟಿ ಮೇಲಿದೆ. ಮೊದಲು ಕೆಳಗೇ ಇತ್ತು, ನನಗೆ ಗೊತ್ತೇ ಆಗಿರಲಿಲ್ಲ. ರಗ್ಗು ಎಲ್ಲಕ್ಕಿಂತ ಸುಲಭ: 4x6 ಅಡಿಯದನ್ನು ಎರಡು ಟೈಲ್ಸ್ ಅಗಲ, ಮೂರು ಟೈಲ್ಸ್ ಉದ್ದಕ್ಕೆ ನಾಲ್ಕು ಮೂಲೆ ಹಿಡಿದು ಎಳೆದೆ, ಅಷ್ಟೇ.

ಒಂದು ಕುರ್ಚಿ ಮಾತ್ರ ಇನ್ನೂ ಸರಿಹೋಗಿಲ್ಲ. ವೈಡ್ ಲೆನ್ಸ್ ಫೋಟೋದ ಅಂಚನ್ನು ಹಿಗ್ಗಿಸುತ್ತದೆ ಅಲ್ವಾ, ನಾನು ಸೇರಿಸಿದ ಕುರ್ಚಿ ಹಾಗೆ ಹಿಗ್ಗಿರುವುದಿಲ್ಲ, ಅದಕ್ಕೇ ಅಳತೆ ಸರಿಯಿದ್ದರೂ ಅಲ್ಲಿ ಬಡಕಲಾಗಿ ಕಾಣುತ್ತದೆ. ಸದ್ಯಕ್ಕೆ ತೆಗೆದುಬಿಟ್ಟಿದ್ದೇನೆ.